ಮೂರು ಕೋಶಗಳಿಗೆ ಎಷ್ಟು ಬಟ್ಟೆ ಬೇಕು?

ಉಪಜಿಲ್ಲಾ ಶಾಸ್ತ್ರೋತ್ಸವಕ್ಕೆ ಮಾದರಿ ಮಾಡಬೇಕೆಂದು ಒಂಬತ್ತನೆಯ ತರಗತಿಯ ನಾಲ್ಕು ಮಕ್ಕಳು ಬಂದಾಗ ಅವರ ಕೈಯಲ್ಲಿ ಥರ್ಮಾಕೋಲ್ ಇತ್ತು. ಕೆಂಪು ರಕ್ತಕಣ, ವೀರ್ಯಾಣು, ಕಿಣ್ವ ಸ್ರವಿಸುವ ಮೇದೋಜೀರಕದ ಕೋಶ, ಈ ಮೂರನ್ನೂ ಕೆತ್ತಿ ಬಣ್ಣ ಬಳಿಯುವುದು ಅವರ ಲೆಕ್ಕಾಚಾರ. ನನಗೆ ಅದು ಬೇಡವಾಗಿತ್ತು. ಥರ್ಮಾಕೋಲಿನ ಕೋಶ ನೋಡಲು ಚೆಂದ. ಆದರೆ ಆಕಾರ ಕೆಲಸಕ್ಕೆ ಒದಗುತ್ತದೋ ಇಲ್ಲವೋ ಎಂದು ಅದರಲ್ಲಿ ಪರೀಕ್ಷಿಸಲು ಬರುವುದಿಲ್ಲ. ಹಾಗಾಗಿ ಒಂದು ನಿಯಮ ಮಾಡಿಕೊಂಡೆವು. ಮೂರೂ ಕೋಶ ಒಂದೇ ಅಳತೆಯಲ್ಲಿರಬೇಕು, ಪ್ರತಿಯೊಂದೂ ತನ್ನ ಕೆಲಸವನ್ನು ನಮ್ಮ ಕಣ್ಣೆದುರು ಮಾಡಿ ತೋರಿಸಬೇಕು.

ಅಳತೆ ಹೀಗೆ: 1 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು, ನಮ್ಮ ಮಾದರಿಯಲ್ಲಿ 2 ಸೆಂಟಿಮೀಟರ್. ಇಪ್ಪತ್ತು ಸಾವಿರ ಪಟ್ಟು ದೊಡ್ಡದು. ಹೀಗೆ ಮಾಡಿದರೆ 1 ಚದರ ಮೈಕ್ರಾನ್ ಪೊರೆಗೆ 4 ಚದರ ಸೆಂಟಿಮೀಟರ್ ಬಟ್ಟೆ, 1 ಘನ ಮೈಕ್ರಾನ್ ಒಳಜಾಗಕ್ಕೆ 8 ಮಿಲಿಲೀಟರ್ ನೀರು. ಈ ಎರಡು ಗುಣಾಕಾರಗಳನ್ನು ಕರಿಹಲಗೆಯ ಮೂಲೆಯಲ್ಲಿ ಬರೆದಿಟ್ಟೆವು. ಮುಂದಿನ ಮೂರು ವಾರ ಅದನ್ನು ಯಾರೂ ಅಳಿಸಲಿಲ್ಲ.

ಕೆಂಪು ರಕ್ತಕಣ: ಮೊದಲು ಬಲೂನು, ಆಮೇಲೆ ಬಟ್ಟೆ

ಮನುಷ್ಯನ ಕೆಂಪು ರಕ್ತಕಣದ ಅಡ್ಡಳತೆ ಸುಮಾರು 7.8 ಮೈಕ್ರಾನ್, ಅಂಚಿನ ದಪ್ಪ ಸುಮಾರು 2.5, ನಡುವಿನ ಗುಳಿಯಲ್ಲಿ ಸುಮಾರು 1. ಒಳಗಿನ ಗಾತ್ರ 90 ಘನ ಮೈಕ್ರಾನ್, ಹೊರಪೊರೆಯ ವಿಸ್ತೀರ್ಣ 136 ಚದರ ಮೈಕ್ರಾನ್ ಆಸುಪಾಸು. ನಮ್ಮ ಅಳತೆಗೆ ತಂದರೆ 720 ಮಿಲಿಲೀಟರ್ ನೀರು, 544 ಚದರ ಸೆಂಟಿಮೀಟರ್ ಬಟ್ಟೆ.

ಆರಂಭದಲ್ಲಿ ಬಲೂನಿಗೆ 720 ಮಿಲಿಲೀಟರ್ ನೀರು ತುಂಬಿಸಿ ಪಿವಿಸಿ ಪೈಪಿನೊಳಗೆ ತೂರಿಸಿದೆವು. ಸಲೀಸಾಗಿ ಹೋಯಿತು, ಮಕ್ಕಳು ಚಪ್ಪಾಳೆ ತಟ್ಟಿದರು. ಆದರೆ ಅದು ತಪ್ಪು ಮಾದರಿ. ಬಲೂನಿನ ರಬ್ಬರು ಹಿಗ್ಗುತ್ತದೆ, ರಕ್ತಕಣದ ಪೊರೆ ಹಾಗೆ ಹಿಗ್ಗುವುದಿಲ್ಲ. ಅದರ ವಿಸ್ತೀರ್ಣ ನೂರಕ್ಕೆ ಮೂರು ನಾಲ್ಕರಷ್ಟು ಹೆಚ್ಚಿದರೆ ಸಾಕು, ಹರಿಯುತ್ತದೆ. ಬಾಗುವುದು, ಮಡಚುವುದು, ಓರೆಯಾಗಿ ಜಗ್ಗುವುದು ಎಲ್ಲ ಆಗುತ್ತದೆ, ಆದರೆ ಇದ್ದ ಬಟ್ಟೆ ಇದ್ದಷ್ಟೇ. ಹಾಗಾಗಿ ಬಲೂನನ್ನು ಬದಿಗಿಟ್ಟು, ಶಾಲೆಯ ಎದುರು ಹೊಲಿಗೆ ಅಂಗಡಿ ಇಟ್ಟಿರುವ ಅಕ್ಕನ ಹತ್ತಿರ ಹೋದೆವು.

ಅವರು ಮೊದಲು ಹೊಲಿದು ಕೊಟ್ಟದ್ದು ಎರಡು ಬಿಲ್ಲೆಗಳ ಚೀಲ. ಅಡ್ಡಳತೆ 18.6 ಸೆಂಟಿಮೀಟರಿನ ಎರಡು ವೃತ್ತಗಳನ್ನು ಕತ್ತರಿಸಿ ಅಂಚು ಕೂಡಿಸಿದ್ದು, ಒಳಗೆ ನೀರು ನಿಲ್ಲಲು ತೆಳು ಪ್ಲಾಸ್ಟಿಕ್ ಕವರು. ಕವರು ಚೀಲಕ್ಕಿಂತ ದೊಡ್ಡದಿರಬೇಕು, ಇಲ್ಲದಿದ್ದರೆ ಮಿತಿ ಹೇರುವುದು ಬಟ್ಟೆಯಲ್ಲ, ಪ್ಲಾಸ್ಟಿಕ್ ಆಗಿಬಿಡುತ್ತದೆ. 720 ಮಿಲಿಲೀಟರ್ ತುಂಬಿಸಿ ಹರಿವಾಣದಲ್ಲಿ ಇಟ್ಟಾಗ ಚಪ್ಪಟೆಯಾಗಿ ಕುಳಿತಿತು. ಬೆರಳಿಂದ ಒತ್ತಿದರೆ ನಡುವೆ ಗುಳಿ ಬಿತ್ತು. ನೋಡಲು ಪುಸ್ತಕದ ಚಿತ್ರದ ಹಾಗೆಯೇ ಇತ್ತು. ಆದರೆ ಇನ್ನಷ್ಟು ನೀರು ತುಂಬಿಸುತ್ತ ಹೋದಾಗ 950 ಮಿಲಿಲೀಟರಿಗೇ ಬಿಗಿಯಾಯಿತು. ನಮ್ಮ ಲೆಕ್ಕದಲ್ಲಿ ಅಷ್ಟು ಬಟ್ಟೆ ಪೂರ್ತಿ ಉರುಟಾದರೆ 1190 ಮಿಲಿಲೀಟರ್ ಹಿಡಿಯಬೇಕಿತ್ತು. ನಾನು ಗುಣಾಕಾರ ತಪ್ಪಿದೆನೋ ಎಂದು ಮತ್ತೆ ಮತ್ತೆ ನೋಡುತ್ತಿದ್ದಾಗ ಅಕ್ಕ ಚೀಲದ ಅಂಚನ್ನು ತೋರಿಸಿದರು.

"ಇಲ್ಲಿ ಸುತ್ತ ನೆರಿಗೆ ಬಿದ್ದಿದೆ ನೋಡಿ ಟೀಚರೇ. ನೆರಿಗೆಯಲ್ಲಿ ಹೋದ ಬಟ್ಟೆ ದಂಡ. ನಿಮಗೆ ಉರುಟು ಬೇಕಾದ್ರೆ ಕೊಡೆಯ ಹಾಗೆ ತುಂಡು ತುಂಡು ಕಟ್ ಮಾಡ್ಬೇಕು."

ಎರಡನೆಯ ಚೀಲ ಹಾಗೆಯೇ ಆಯಿತು. ಎಂಟು ಎಸಳು, ಒಂದೊಂದರ ಉದ್ದ 20.7 ಸೆಂಟಿಮೀಟರ್, ನಡುವಿನ ಅಗಲ 5.2. ಹೊಲಿಗೆಗೆ ಬಿಟ್ಟ ಅಂಚು ಬೇರೆ. ಇದು 1150 ಮಿಲಿಲೀಟರ್ ಹಿಡಿಯಿತು. ಬಟ್ಟೆ ಅಷ್ಟೇ, ನೀರು ಮಾತ್ರ ಜಾಸ್ತಿ. ಅಂದರೆ ಸಾಮಾನ್ಯ ಸ್ಥಿತಿಯಲ್ಲಿ ಆ ಚೀಲ ಮೂರರಲ್ಲಿ ಎರಡು ಪಾಲಿಗಿಂತ ಕಡಿಮೆ ತುಂಬಿರುತ್ತದೆ. ಈ ಸಡಿಲವೇ ರಕ್ತಕಣದ ಆಸ್ತಿ.

ಸಡಿಲ ಏಕೆ ಬೇಕು ಎಂಬುದಕ್ಕೆ ಪೈಪು. ಲೋಮನಾಳಗಳ ಒಳ ಅಗಲ ರಕ್ತಕಣಕ್ಕಿಂತ ಕಿರಿದಾಗಿರುವುದುಂಟು. 90 ಮಿಲಿಮೀಟರ್ ಪಿವಿಸಿ ಪೈಪಿನ ಒಳ ಅಗಲ ನಾವು ಅಳೆದಾಗ 8.4 ಸೆಂಟಿಮೀಟರ್ ಬಂತು, ಅಂದರೆ 4.2 ಮೈಕ್ರಾನ್. ಅಡ್ಡಳತೆ 13 ಸೆಂಟಿಮೀಟರ್ ಇರುವ, 720 ಮಿಲಿಲೀಟರ್ ನೀರು ತುಂಬಿದ ನಮ್ಮ ಚೀಲವನ್ನು ಅದರ ಬಾಯಿಗೆ ಇಟ್ಟು ತಳ್ಳಿದಾಗ ಬಟ್ಟೆ ಉದ್ದುದ್ದಕ್ಕೆ ನೆರಿಗೆಯಾಗಿ, ಚೀಲ ಸೌತೆಕಾಯಿಯ ಹಾಗೆ ಉದ್ದವಾಗಿ, ಇನ್ನೊಂದು ತುದಿಯಲ್ಲಿ ಹೊರಬಂತು. ಹೊರಬಂದ ಮೇಲೆ ಮತ್ತೆ ಚಪ್ಪಟೆ.

ಈಗ ಮೂರನೆಯ ಚೀಲ. ನನಗೆ ಇಡೀ ಕೆಲಸದಲ್ಲಿ ಮುಖ್ಯ ಎನಿಸಿದ್ದು ಇದು. ನೀರು ಅದೇ 720 ಮಿಲಿಲೀಟರ್, ಬಟ್ಟೆ ಮಾತ್ರ ಆ ನೀರಿಗೆ ಬೇಕಾದಷ್ಟೇ: 388 ಚದರ ಸೆಂಟಿಮೀಟರ್. ತುಂಬಿದಾಗ 11 ಸೆಂಟಿಮೀಟರಿನ ಬಿಗಿ ಚೆಂಡು. ಮೊದಲಿನ ಚೀಲಕ್ಕಿಂತ ಅಡ್ಡಳತೆ ಕಡಿಮೆ, ನೋಡಿದರೆ ಇದೇ ಸುಲಭವಾಗಿ ಹೋಗಬೇಕು ಅನಿಸುತ್ತದೆ. ಒಬ್ಬ ಹುಡುಗ ಪೈಪಿನ ಮೇಲೆ ಅದನ್ನಿಟ್ಟು ಎರಡೂ ಕೈಯಿಂದ ಒತ್ತಿದ. ಒಂದಿಷ್ಟೂ ಇಳಿಯಲಿಲ್ಲ. ನೀರನ್ನು ಕುಗ್ಗಿಸಲಾಗದು, ಬಟ್ಟೆ ಹಿಗ್ಗಲಾರದು. ಉರುಟಾಗಿರುವ ಚೆಂಡು ಉದ್ದವಾಗಬೇಕಾದರೆ ಹೆಚ್ಚುವರಿ ಬಟ್ಟೆ ಬೇಕು, ಅದು ಅದರಲ್ಲಿಲ್ಲ.

ಇದು ಕಲ್ಪನೆಯ ಕೋಶವಲ್ಲ. ಹೆರೆಡಿಟರಿ ಸ್ಫಿರೊಸೈಟೋಸಿಸ್ ಎಂಬ ವಂಶವಾಹಿ ಕಾಯಿಲೆಯಲ್ಲಿ ಪೊರೆಯನ್ನು ಒಳಗಿನ ಪ್ರೋಟೀನು ಬಲೆಗೆ ಕಟ್ಟುವ ಕೊಂಡಿಗಳು ದುರ್ಬಲವಾಗಿರುತ್ತವೆ. ಪೊರೆ ಚೂರುಚೂರಾಗಿ ಕಳಚಿಹೋಗುತ್ತದೆ. ಹೀಮೋಗ್ಲೋಬಿನ್ ಚೆನ್ನಾಗಿಯೇ ಇರುತ್ತದೆ, ಆದರೆ ಬಟ್ಟೆ ಕಡಿಮೆಯಾಗಿ ಕಣ ಚೆಂಡಾಗುತ್ತದೆ. ಗುಲ್ಮದಲ್ಲಿ ರಕ್ತಕಣಗಳು ಲೋಮನಾಳಕ್ಕಿಂತಲೂ ಇಕ್ಕಟ್ಟಾದ ಸೀಳುಗಳ ಮೂಲಕ ನುಸುಳಬೇಕು. ಚೆಂಡುಗಳು ಅಲ್ಲಿ ಸಿಕ್ಕಿಬಿದ್ದು ನಾಶವಾಗುತ್ತವೆ. ರೋಗಿಗೆ ರಕ್ತಹೀನತೆ, ಕಾಮಾಲೆ, ದೊಡ್ಡದಾದ ಗುಲ್ಮ. ಇದನ್ನು ಪತ್ತೆ ಹಚ್ಚುವ ಹಳೆಯ ಪರೀಕ್ಷೆ ನಮ್ಮ ಚೀಲಕ್ಕೆ ನೀರು ತುಂಬಿಸಿದ್ದಕ್ಕೆ ತೀರ ಹತ್ತಿರ. ರಕ್ತವನ್ನು ಕಡಿಮೆ ಕಡಿಮೆ ಉಪ್ಪಿನ ನೀರಿನ ಪ್ರನಾಳಗಳಿಗೆ ಹಾಕುತ್ತಾರೆ. ಉಪ್ಪು ಕಡಿಮೆಯಾದಂತೆ ಕಣದೊಳಗೆ ನೀರು ನುಗ್ಗಿ ಅದು ಉಬ್ಬುತ್ತದೆ. ನಮ್ಮ ದೇಹದ ದ್ರವಕ್ಕೆ ಸಮನಾದ 0.9 ಶೇಕಡಾ ಉಪ್ಪಿನಿಂದ ಇಳಿಯುತ್ತ 0.5ರ ಹತ್ತಿರ ಬಂದಾಗಲಷ್ಟೇ ಆರೋಗ್ಯವಂತರ ಕಣಗಳು ಒಡೆಯಲು ಆರಂಭಿಸುತ್ತವೆ, 0.3ರ ಹತ್ತಿರ ಬಹುತೇಕ ಎಲ್ಲವೂ ಒಡೆದು ನೀರು ಕೆಂಪಾಗುತ್ತದೆ. ಚೆಂಡಾದ ಕಣಗಳು ಅದಕ್ಕಿಂತ ಮೊದಲೇ ಒಡೆಯುತ್ತವೆ. ಉಬ್ಬಲು ಅವುಗಳಲ್ಲಿ ಸಡಿಲ ಬಟ್ಟೆ ಇಲ್ಲವಲ್ಲ.

"ಆಮ್ಲಜನಕ ಹೀರಲು ಮೇಲ್ಮೈ ಹೆಚ್ಚಿರಬೇಕು, ಅದಕ್ಕೆ ಗುಳಿ" ಎಂದಷ್ಟೇ ನಾವು ತರಗತಿಯಲ್ಲಿ ಬರೆಸುತ್ತೇವೆ. ಅದು ಸುಳ್ಳಲ್ಲ, ಒಳಗಿನ ಯಾವ ಹೀಮೋಗ್ಲೋಬಿನ್ ಕಣವೂ ಪೊರೆಯಿಂದ ದೂರ ಉಳಿಯುವುದಿಲ್ಲ. ಆದರೆ ಅದು ಅರ್ಧ ಉತ್ತರ ಎಂದು ನನಗೆ ಈಗ ಖಚಿತವಾಗಿದೆ. ಪೈಪಿನಲ್ಲಿ ಸಿಕ್ಕಿಬಿದ್ದ ಚೆಂಡಿಗೆ ಎಷ್ಟು ಆಮ್ಲಜನಕ ಹೀರಲು ಬಂದರೇನು?

ಚೀಲದೊಳಗೆ ಬೇರೇನೂ ಇಡಲಿಲ್ಲ. ಒಬ್ಬಳು ಹುಡುಗಿ ಸುಲಿದ ತೆಂಗಿನಕಾಯಿಯನ್ನು ಕೋಶಕೇಂದ್ರ ಎಂದು ಒಳಗಿಟ್ಟು ನೋಡಿದಳು. ಗಟ್ಟಿ ಕಾಯಿ ಪೈಪಿನ ಬಾಯಿಗೆ ಅಡ್ಡ ನಿಂತಿತು. ಮೂಳೆಮಜ್ಜೆಯಲ್ಲಿ ರಕ್ತಕಣ ತನ್ನ ಕೋಶಕೇಂದ್ರವನ್ನು ಹೊರದಬ್ಬುತ್ತದೆ, ಆಮೇಲೆ ಮೈಟೊಕಾಂಡ್ರಿಯ, ರೈಬೋಸೋಮ್‌ಗಳನ್ನೂ ಕಳೆದುಕೊಳ್ಳುತ್ತದೆ. ಮೈಟೊಕಾಂಡ್ರಿಯ ಇಲ್ಲದ್ದರಿಂದ ಹೊತ್ತ ಆಮ್ಲಜನಕವನ್ನು ತಾನೇ ಉರಿಸುವುದಿಲ್ಲ. ಅದಕ್ಕೆ ತೆರುವ ಬೆಲೆಯೂ ಇದೆ. ಹರಿದ ಪ್ರೋಟೀನನ್ನು ಹೊಸದಾಗಿ ಮಾಡಿಕೊಳ್ಳಲು ಅದಕ್ಕೆ ಬರುವುದಿಲ್ಲ, ಆಯುಸ್ಸು ಸುಮಾರು 120 ದಿನ.

ಕೊನೆಗೊಂದು ಆಸೆ ಉಳಿದಿತ್ತು: 75 ಮಿಲಿಮೀಟರ್ ಪೈಪು. ಎಸಳಿನ ಚೀಲ ಅದರಲ್ಲಿ ಅರ್ಧಕ್ಕೆ ನಿಂತಿತು. ಬಟ್ಟೆ ಸಾಕಷ್ಟಿತ್ತು, ಆದರೆ ಉದ್ದಕ್ಕೆ ಜಗ್ಗುತ್ತಿರಲಿಲ್ಲ. ಅಕ್ಕ ಮತ್ತೊಮ್ಮೆ ಅದೇ ಅಳತೆಯಲ್ಲಿ, ತೆಳು ಹತ್ತಿಬಟ್ಟೆಯನ್ನು ಕ್ರಾಸ್ ಹಿಡಿದು ಕತ್ತರಿಸಿ ಹೊಲಿದರು. ರವಿಕೆಗೆ ಕ್ರಾಸ್ ಕಟ್ ಮಾಡಿದರೆ ಮೈಗೆ ಹೊಂದುತ್ತದಲ್ಲ, ಅದೇ ಉಪಾಯ. ನೂಲು ಹಿಗ್ಗುವುದಿಲ್ಲ, ನೂಲುಗಳ ನಡುವಿನ ಕೋನ ಬದಲಾಗುತ್ತದೆ. ಆ ಚೀಲವನ್ನು ದಾರ ಕಟ್ಟಿ ಎಳೆದಾಗ ಮೆಲ್ಲಗೆ ಹೊರಬಂತು. ರಕ್ತಕಣದ ಪೊರೆಯ ಒಳಮೈಯಲ್ಲಿ ಸ್ಪೆಕ್ಟ್ರಿನ್ ಎಂಬ ಪ್ರೋಟೀನು ನೂಲುಗಳ ಬಲೆ ಇದೆ. ವಿಸ್ತೀರ್ಣ ಬದಲಾಗದೆ ಓರೆಯಾಗಿ ಜಗ್ಗಿ ಮತ್ತೆ ಮೊದಲಿನ ಆಕಾರಕ್ಕೆ ಮರಳುವುದು ಆ ಬಲೆಯಿಂದ.

ಮೇದೋಜೀರಕದ ಕೋಶ: ಎಂಟು ಲೀಟರಿನಲ್ಲಿ ಅರ್ಧ ಸೀರೆ

ಈ ಕೋಶದ ಗಾತ್ರ ಸುಮಾರು 1000 ಘನ ಮೈಕ್ರಾನ್, ಅಂದರೆ ನಮಗೆ 8 ಲೀಟರ್. ಬುಡ ಅಗಲ, ತುದಿ ಸಪೂರ. ಅಡಿಕೆ ಹಾಳೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಮುಟ್ಟಾಳೆ ಮಾಡುವ ಹಾಗೆ ಬಾಗಿಸಿ ಹೊಲಿದೆವು: ಎತ್ತರ 30 ಸೆಂಟಿಮೀಟರ್, ಬುಡದ ಅಡ್ಡಳತೆ 24, ತುದಿ 12. ಒಂದು ಬದಿಯನ್ನು ಕಿಟಕಿಯಂತೆ ತೆರೆದಿಟ್ಟೆವು.

ಇಲ್ಲಿ ಬಟ್ಟೆಯ ಲೆಕ್ಕ ತಲೆಕೆಳಗು. ಇದರ ಎಲ್ಲ ಪೊರೆಗಳನ್ನು ಕೂಡಿಸಿದರೆ ಸುಮಾರು 13,000 ಚದರ ಮೈಕ್ರಾನ್. ಅದರಲ್ಲಿ ಹೊರಪೊರೆ ನೂರಕ್ಕೆ ಐದು ಮಾತ್ರ. ನೂರಕ್ಕೆ ಅರುವತ್ತು ಪಾಲು ಪ್ರೋಟೀನು ತಯಾರಿಸುವ ರೈಬೋಸೋಮ್ ಅಂಟಿಕೊಂಡ ಒರಟು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್, ಚಿಕ್ಕದಾಗಿ ಒರಟು ಇಆರ್, ಎಂಬ ಒಳಪೊರೆ. ನಮ್ಮ ಅಳತೆಯಲ್ಲಿ ಅದೊಂದೇ 3 ಚದರ ಮೀಟರ್ ದಾಟುತ್ತದೆ, ಅಂದರೆ ಅರ್ಧ ಸೀರೆ. ರಕ್ತಕಣಕ್ಕೆ ಒಂದು ರವಿಕೆಯ ತುಂಡೂ ಬೇಕಾಗಿರಲಿಲ್ಲ, ಮತ್ತು ಅಷ್ಟೂ ಹೊರಗೇ ಇತ್ತು.

ಅಕ್ಕ ಕೊಟ್ಟ ಹಳೆಯ ನೂಲಿನ ಸೀರೆಯ ಅರ್ಧವನ್ನು ಮಕ್ಕಳು ಮೊದಲು ಮುದ್ದೆ ಮಾಡಿ ತುರುಕಿದರು. ಹಿಡಿಯಿತು, ಆದರೆ ಕೋಶಕೇಂದ್ರಕ್ಕೆ ಇಟ್ಟ ತೆಂಗಿನಕಾಯಿಯ ಸುತ್ತ ಎಲ್ಲೆಲ್ಲೋ ಸಿಕ್ಕಿಕೊಂಡು, ಬುಡದಿಂದ ತುದಿಗೆ ದಾರಿಯೇ ಉಳಿಯಲಿಲ್ಲ. ಬಿಚ್ಚಿ, ಸೀರೆ ಉಡುವಾಗ ಹಿಡಿಯುವಂತೆ ಸಮನಾದ ನೆರಿಗೆ ಹಿಡಿದು ಬುಡದ ಭಾಗದಲ್ಲಿ ಜೋಡಿಸಿದೆವು. ಕೋಶದಲ್ಲಿಯೂ ಹಾಗೆಯೇ, ಒರಟು ಇಆರ್ ಬುಡದಲ್ಲಿ ಪದರ ಪದರವಾಗಿ ಸಾಲಾಗಿ ಇರುತ್ತದೆ. ರೈಬೋಸೋಮಿನ ಅಡ್ಡಳತೆ ನಮ್ಮ ಅಳತೆಯಲ್ಲಿ ಅರ್ಧ ಮಿಲಿಮೀಟರಿನಷ್ಟು, ಅದಕ್ಕೆ ಗಂಜಿ ಹಚ್ಚಿ ಸಣ್ಣ ರವೆ ಉದುರಿಸಿದೆವು. ಎರಡನೆಯ ದಿನ ಇರುವೆ ಸಾಲು ಹಿಡಿಯಿತು. ರವೆ ಕೊಡವಿ, ಗಂಜಿಯ ಬದಲು ಫೆವಿಕಾಲಿನಲ್ಲಿ ಸಣ್ಣ ಹೊಯ್ಗೆ ಅಂಟಿಸಿದ ಮೇಲೆ ಉಪದ್ರ ನಿಂತಿತು.

ತುದಿಯ ಭಾಗಕ್ಕೆ ಚಾಲಿ ಅಡಿಕೆ. ಕಿಣ್ವ ತುಂಬಿದ ಜೈಮೋಜನ್ ಕಣಿಕೆಗಳ ಅಡ್ಡಳತೆ 1 ಮೈಕ್ರಾನಿನ ಆಸುಪಾಸು, ಸಣ್ಣ ಅಡಿಕೆ 2 ಸೆಂಟಿಮೀಟರ್. ಇಷ್ಟು ಸರಿಯಾಗಿ ಹೊಂದಿದ್ದು ಕಂಡು ನನಗೇ ಖುಷಿಯಾಯಿತು. ಬುಡದಲ್ಲಿ ತಯಾರಿ, ನಡುವೆ ಗಾಲ್ಜಿ ಎಂಬ ಪೊರೆಚೀಲಗಳ ಸಾಲಿನಲ್ಲಿ ಕಟ್ಟು, ತುದಿಯಲ್ಲಿ ದಾಸ್ತಾನು, ಅಲ್ಲಿಂದ ನಾಳಕ್ಕೆ. ಈ ದಾರಿಯನ್ನು ಜಾರ್ಜ್ ಪಲಾಡೆ ಮತ್ತು ಜೇಮ್ಸ್ ಜೇಮಿಸನ್ 1967ರಲ್ಲಿ ಗಿನಿಹಂದಿಯ ಮೇದೋಜೀರಕದ ಚೂರುಗಳಲ್ಲಿ ತೋರಿಸಿದರು. ಮೂರು ನಿಮಿಷ ಮಾತ್ರ ವಿಕಿರಣ ಗುರುತಿನ ಅಮೈನೋ ಆಮ್ಲ ಕೊಟ್ಟು, ಆಮೇಲೆ ಗುರುತಿಲ್ಲದ್ದನ್ನು ಕೊಟ್ಟು, ಗುರುತು ಎಲ್ಲಿಗೆ ಹೋಯಿತೆಂದು ಹಿಂಬಾಲಿಸಿದರು. ಮೊದಲು ಒರಟು ಇಆರ್‌ನಲ್ಲಿ, ಕೆಲವು ನಿಮಿಷಗಳಲ್ಲಿ ಗಾಲ್ಜಿಯ ಹತ್ತಿರ, ಎರಡು ಗಂಟೆಯ ಹೊತ್ತಿಗೆ ಕಣಿಕೆಗಳಲ್ಲಿ. ಪಲಾಡೆಗೆ 1974ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು.

ಪ್ರೋಟೀನು ಕರಗಿಸುವ ಕಿಣ್ವವನ್ನು ಪ್ರೋಟೀನಿನಿಂದಲೇ ಆದ ಕೋಶ ಹೇಗೆ ಇಟ್ಟುಕೊಳ್ಳುತ್ತದೆ? ಬೀಗ ಹಾಕಿ. ಟ್ರಿಪ್ಸಿನ್ ಇಲ್ಲಿರುವುದು ಟ್ರಿಪ್ಸಿನೋಜನ್ ರೂಪದಲ್ಲಿ. ಸಣ್ಣ ಕರುಳಿಗೆ ಹೋದ ಮೇಲೆ ಅಲ್ಲಿನ ಎಂಟೆರೋಪೆಪ್ಟಿಡೇಸ್ ಅದರ ಒಂದು ತುಂಡನ್ನು ಕತ್ತರಿಸಿ ಬೀಗ ತೆಗೆಯುತ್ತದೆ. ಕೋಶದೊಳಗೇ ಬೀಗ ತೆರೆದರೆ ಗ್ರಂಥಿ ತನ್ನನ್ನೇ ಕರಗಿಸಿಕೊಳ್ಳಲು ತೊಡಗುತ್ತದೆ. ತೀವ್ರ ಪ್ಯಾಂಕ್ರಿಯಾಟೈಟಿಸ್‌ನ ಮೊದಲ ಹೆಜ್ಜೆ ಅದು. ನಾಳಕ್ಕೆ ಹೋಗಬೇಕಾದ ಲೈಪೇಸ್, ಅಮೈಲೇಸ್ ಆಗ ರಕ್ತಕ್ಕೆ ಸೋರುತ್ತವೆ. ರಕ್ತದಲ್ಲಿ ಅವು ಸಾಮಾನ್ಯ ಮಿತಿಯ ಮೂರು ಪಟ್ಟು ಮೀರಿದರೆ, ಹೊಟ್ಟೆಯ ಮೇಲ್ಭಾಗದ ನೋವಿನ ಜೊತೆ ಸೇರಿಸಿ ವೈದ್ಯರು ರೋಗ ಗುರುತಿಸುತ್ತಾರೆ. ಕಣಿಕೆಗಳಿಗೆ ಸುಲಿಯದ ಅಡಿಕೆ ಇಡೋಣ, ಸಿಪ್ಪೆಯೇ ಬೀಗ ಎಂದು ಮಕ್ಕಳು ಹೇಳಿದರು. ಯೋಚನೆ ಒಳ್ಳೆಯದೇ. ಆದರೆ ಸಿಪ್ಪೆ ಸೇರಿದರೆ ಅಳತೆ ಕೆಡುತ್ತದೆ, ಹಾಗಾಗಿ ಪ್ರತಿ ಚಾಲಿ ಅಡಿಕೆಗೂ ಕೆಂಪು ನೂಲು ಸುತ್ತಿದೆವು.

ವೀರ್ಯಾಣು: ಹಿಡಿಸೂಡಿಯ ಎರಡು ಕಡ್ಡಿ

ಇದಕ್ಕೆ ಬಟ್ಟೆಯ ಲೆಕ್ಕ ಹೆಚ್ಚು ಬೇಕಾಗಲಿಲ್ಲ. ಈ ಕೋಶ ಕಳೆದುಕೊಂಡೇ ರೂಪ ಪಡೆಯುತ್ತದೆ, ಬೆಳೆಯುವಾಗ ಕೋಶದ್ರವ್ಯವನ್ನು ಬಹುಪಾಲು ಕಳಚಿಬಿಡುತ್ತದೆ. ತೆಂಗಿನ ಸಿಪ್ಪೆಯ ತುಂಡಿನಿಂದ 9 ಸೆಂಟಿಮೀಟರ್ ಉದ್ದ, 6 ಅಗಲದ ಚಪ್ಪಟೆ ತಲೆ ಕೆತ್ತಿದೆವು. ಮುಂದಿನ ಅರ್ಧಕ್ಕೆ ಹಾಳೆಯ ಟೊಪ್ಪಿ, ಅದು ಆಕ್ರೋಸೋಮ್. ಅದೂ ಕಿಣ್ವದ ಚೀಲವೇ, ಗಾಲ್ಜಿಯಿಂದಲೇ ಆದದ್ದು, ಅದರ ಮುಖ್ಯ ಕಿಣ್ವವೂ ಬೀಗ ಹಾಕಿದ ರೂಪದಲ್ಲಿರುತ್ತದೆ. ತಲೆಯ ಹಿಂದಿನ 9 ಸೆಂಟಿಮೀಟರಿಗೆ 7 ಮಿಲಿಮೀಟರಿನ ತೆಂಗಿನ ನಾರಿನ ಹಗ್ಗವನ್ನು ಹನ್ನೆರಡು ಸುತ್ತು ಸುತ್ತಿದೆವು. ಮೈಟೊಕಾಂಡ್ರಿಯಗಳು ಅಲ್ಲಿ ಹಾಗೆಯೇ ಸುರುಳಿಯಾಗಿ ಇರುತ್ತವೆ. ಆಮೇಲೆ 90 ಸೆಂಟಿಮೀಟರ್ ಬಾಲ.

ಬಾಲ ಬಳುಕುವುದು ಹೇಗೆ ಎಂಬುದಕ್ಕೆ ತೆಂಗಿನ ಹಿಡಿಸೂಡಿಯ ಎರಡು ಕಡ್ಡಿ ಸಾಕಾಯಿತು. ಎರಡನ್ನೂ ಒಟ್ಟಿಗೆ ಹಿಡಿದು ಒಂದನ್ನು ಮುಂದಕ್ಕೆ ತಳ್ಳಿದರೆ ಅದು ಜಾರುತ್ತದೆ, ಅಷ್ಟೇ. ಒಂದು ತುದಿಯಲ್ಲಿ ಎರಡನ್ನೂ ಬಿಗಿಯಾಗಿ ಕಟ್ಟಿ, ಉದ್ದಕ್ಕೂ ಸಡಿಲ ಉಂಗುರ ಹಾಕಿ ತಳ್ಳಿದರೆ ಜಾರಲು ಜಾಗವಿಲ್ಲದೆ ಎರಡೂ ಬಾಗುತ್ತವೆ. ಬಾಲದೊಳಗೆ ಒಂಬತ್ತು ಜೋಡಿ ಸೂಕ್ಷ್ಮನಾಳಗಳು ಸುತ್ತ ನಿಂತಿವೆ, ನಡುವೆ ಎರಡು. ಡೈನೀನ್ ಎಂಬ ಪ್ರೋಟೀನು ತೋಳುಗಳು ಒಂದು ಜೋಡಿಯನ್ನು ಪಕ್ಕದ್ದರ ಮೇಲೆ ಜಾರಿಸಲು ಎಳೆಯುತ್ತವೆ. ಜೋಡಿಗಳ ನಡುವಿನ ಕೊಂಡಿಗಳು ಅದನ್ನು ತಡೆಯುವುದರಿಂದ ಜಾರಿಕೆ ಬಾಗುವಿಕೆಯಾಗುತ್ತದೆ. 1971ರಲ್ಲಿ ಸಮ್ಮರ್ಸ್ ಮತ್ತು ಗಿಬ್ಬನ್ಸ್ ಎಂಬವರು ಕಡಲ ಅರ್ಚಿನ್ ವೀರ್ಯಾಣುಗಳ ಬಾಲದ ಆ ಕೊಂಡಿಗಳನ್ನು ಕತ್ತರಿಸಿ, ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಕೊಟ್ಟಾಗ ನಾಳಗಳು ಬಾಗದೆ ಒಂದರೊಳಗಿಂದ ಒಂದು ಜಾರಿ ಉದ್ದವಾದವು. ಕೊಂಡಿ ಕತ್ತರಿಸಲು ಅವರು ಬಳಸಿದ್ದು ಟ್ರಿಪ್ಸಿನ್. ನಮ್ಮ ಹಾಳೆಯ ಕೋಶದಲ್ಲಿ ಕೆಂಪು ನೂಲು ಸುತ್ತಿಟ್ಟದ್ದು ಅದನ್ನೇ ಎಂದು ಹೇಳಿದಾಗ ಹುಡುಗಿಯೊಬ್ಬಳು ಒಂದು ಅಡಿಕೆಯ ನೂಲು ಬಿಚ್ಚಿ ಕಡ್ಡಿಗಳ ಪಕ್ಕ ಇಟ್ಟಳು. ಆ ಅಡಿಕೆ ಕೊನೆಯವರೆಗೂ ಅಲ್ಲೇ ಇತ್ತು.

ಡೈನೀನ್ ತೋಳುಗಳೇ ಇಲ್ಲದೆ ಹುಟ್ಟುವವರಿದ್ದಾರೆ. ಅವರ ವೀರ್ಯಾಣು ಜೀವಂತವಾಗಿರುತ್ತದೆ, ಸತ್ತ ಕೋಶದೊಳಗೆ ಇಳಿಯುವ ಇಯೋಸಿನ್ ಬಣ್ಣ ಅದರೊಳಗೆ ಇಳಿಯುವುದಿಲ್ಲ, ಆದರೆ ಅದು ಅಲುಗಾಡುವುದಿಲ್ಲ. ಶ್ವಾಸನಾಳದ ಸಣ್ಣ ರೋಮಗಳೊಳಗೂ ಅದೇ ರಚನೆ ಇರುವುದರಿಂದ ಅವರಿಗೆ ಚಿಕ್ಕಂದಿನಿಂದಲೇ ಕಫ, ಸೈನಸ್ ತೊಂದರೆ. ಈ ಎರಡಕ್ಕೂ ಒಂದೇ ಕಾರಣ ಎಂದು ಆಫ್ಜೇಲಿಯಸ್ 1976ರಲ್ಲಿ ತೋರಿಸಿದರು.

ಇನ್ನೂ ಸರಿಯಾಗದ್ದು

ಪ್ರದರ್ಶನದ ದಿನ ಎಸಳಿನ ಚೀಲವನ್ನು ಪೈಪಿನಲ್ಲಿ ತೂರಿಸಲು ಬಂದ ಮಕ್ಕಳ ಸಾಲು ಉದ್ದವಿತ್ತು. ಮಧ್ಯಾಹ್ನದ ಹೊತ್ತಿಗೆ ಎಸಳುಗಳು ಕೂಡುವ ತುದಿಯಲ್ಲಿ ಹೊಲಿಗೆ ಬಿಟ್ಟಿತು. ಎಂಟು ಹೊಲಿಗೆ ಒಂದೇ ಬಿಂದುವಿನಲ್ಲಿ ಸೇರಿದರೆ ಅಲ್ಲಿ ಬಲ ಕಡಿಮೆ. ಎರಡೂ ತುದಿಗೆ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಉರುಟು ತೇಪೆ ಹಾಕಿ ಅಕ್ಕ ಅಲ್ಲೇ ಕೈಹೊಲಿಗೆಯಲ್ಲಿ ಸರಿಮಾಡಿ ಕೊಟ್ಟರು. ತೇಪೆ ಹಾಕಿದ್ದು ಇನ್ನೂ ಗಟ್ಟಿಯಾಗಿದೆ.

ಗುಳಿ ಮಾತ್ರ ತಾನಾಗಿ ನಿಲ್ಲುವುದಿಲ್ಲ. ಬೆರಳು ತೆಗೆದ ಕೂಡಲೇ ಚೀಲದ ನಡುಭಾಗ ಮೇಲೆ ಬರುತ್ತದೆ. ಜೀವಂತ ಕಣದಲ್ಲಿ ಪೊರೆಯ ಬಿಗುವೂ ಒಳಬಲೆಯೂ ಸೇರಿ ಅದನ್ನು ಹಿಡಿದಿಡುತ್ತವೆ. ಮುಂದಿನ ಚೀಲಕ್ಕೆ ಒಳಗಡೆಯಿಂದ ಮೀನುಬಲೆಯ ತುಂಡೊಂದನ್ನು ಅಲ್ಲಲ್ಲಿ ಹೊಲಿದು ನೋಡುವ ಯೋಚನೆ ಇದೆ. ಕುಂಬಳೆಯಿಂದ ಬರುವ ಹುಡುಗ ಹರಿದ ಬಲೆ ತಂದು ಕೊಟ್ಟಿದ್ದಾನೆ. ಅದರ ಕಣ್ಣುಗಳು ಸ್ವಲ್ಪ ದೊಡ್ಡದಾದವು, ಇನ್ನೂ ಸಣ್ಣ ಕಣ್ಣಿನದ್ದು ಬೇಕು.